ಹದಿನೇಳು ತೂತು, ಒಂದೇ ಸೊನ್ನೆ

ಶಿಡ್ಲಘಟ್ಟದ ಕಡೆಯ ನೂಲು ಬಿಚ್ಚಾಣಿಕೆ ಯಂತ್ರವೊಂದಕ್ಕೆ ಮುಚ್ಚಳದ ಪಟ್ಟಿ ಮಾಡಿಸಬೇಕಿತ್ತು. ಒಂದೇ ಸಾಲಿನಲ್ಲಿ ಎಂಟು ತೂತು. ಒಂದರಿಂದ ಇನ್ನೊಂದಕ್ಕೆ 30 ಮಿ.ಮೀ. ಟಾಲರೆನ್ಸ್ ±0.1 ಎಂದು ಬರೆದು ಡ್ರಾಯಿಂಗ್ ಕೊಟ್ಟೆ. ಪಟ್ಟಿ ಬಂತು, ಯಂತ್ರದ ಮೇಲೆ ಇಟ್ಟೆವು. ಮೊದಲ ಸ್ಕ್ರೂ ಸಲೀಸಾಗಿ ಕೂತಿತು, ಕೊನೆಯದು ಇಳಿಯಲೇ ಇಲ್ಲ. “ಸಾರ್, ಡ್ರಾಯಿಂಗ್‌ನಲ್ಲಿ ಇರೋ ಹಾಗೇ ಮಾಡಿದ್ದೀನಿ, ನೀವೇ ಅಳೆದು ನೋಡಿ” ಎಂದರು ಮಷೀನ್ ನಡೆಸಿದವರು. ಅಳೆದೆವು. ಪ್ರತಿ ಅಂತರವೂ 30.1 ಇತ್ತು. ಒಂದೂ ಮಿತಿ ದಾಟಿರಲಿಲ್ಲ.

ತಪ್ಪು ನನ್ನ ಡ್ರಾಯಿಂಗ್‌ನದು. ಎಂಟು ತೂತುಗಳ ನಡುವೆ ಏಳು ಅಂತರ. ಪ್ರತಿಯೊಂದರಲ್ಲೂ 0.1 ಹೆಚ್ಚಾದರೆ ಎಂಟನೆಯ ತೂತು 0.7 ಮಿ.ಮೀ. ಆಚೆ ಹೋಗಿರುತ್ತದೆ. ಎಂ6 ಸ್ಕ್ರೂಗೆ 6.6ರ ತೂತು ಕೊಟ್ಟಿದ್ದೆ. ಪಟ್ಟಿಯನ್ನು ಎತ್ತ ಸರಿಸಿದರೂ ಸಿಗುವ ಸಡಿಲ ಒಟ್ಟು 0.6. ಬೇಕಾಗಿದ್ದದ್ದು 0.7. ಕೊನೆಗೆ ತೂತನ್ನು ಅರದಿಂದ ಉಜ್ಜಿ ಉದ್ದ ಮಾಡಿ ಸ್ಕ್ರೂ ಇಳಿಸಿದೆವು.

ಬೆಟ್ಟದ ಎತ್ತರ ಹೇಳುವ ಹಾಗೆ

ನಂದಿಬೆಟ್ಟದ ಎತ್ತರ 1478 ಮೀಟರ್, ಸ್ಕಂದಗಿರಿಯದು ಸುಮಾರು 1450 ಮೀಟರ್ ಎನ್ನುತ್ತೇವೆ. ಎರಡೂ ಸಮುದ್ರ ಮಟ್ಟದಿಂದ ಎಣಿಸಿದ ಲೆಕ್ಕ. ಸ್ಕಂದಗಿರಿಯನ್ನು ನಂದಿಯಿಂದ ಅಳೆದು, ಅದರ ಪಕ್ಕದ ಬೆಟ್ಟವನ್ನು ಸ್ಕಂದಗಿರಿಯಿಂದ ಅಳೆಯುತ್ತಾ ಹೋದರೆ, ಮೊದಲ ಅಳತೆಯಲ್ಲಿ ಆದ ತಪ್ಪು ಕೊನೆಯ ಬೆಟ್ಟದವರೆಗೂ ಹಿಂಬಾಲಿಸುತ್ತದೆ. ಎಲ್ಲವನ್ನೂ ಒಂದೇ ಸೊನ್ನೆಯಿಂದ ಎಣಿಸಿದರೆ ಒಂದರ ತಪ್ಪು ಇನ್ನೊಂದಕ್ಕೆ ಅಂಟುವುದಿಲ್ಲ.

ತೂತುಗಳಿಗೂ ಇದೇ ಮಾತು ಸಲ್ಲುತ್ತದೆ. ತೂತಿನಿಂದ ತೂತಿಗೆ ಅಳತೆ ಕೊಡುವುದು ಚೈನ್ ಡೈಮೆನ್ಶನ್. ಪ್ಲೇಟಿನ ಒಂದು ಮೂಲೆಯನ್ನು ಸೊನ್ನೆ ಮಾಡಿಕೊಂಡು, ಪ್ರತಿ ತೂತು ಅಲ್ಲಿಂದ ಅಡ್ಡಕ್ಕೆ ಎಷ್ಟು, ಮೇಲಕ್ಕೆ ಎಷ್ಟು ಎಂದು ಬರೆಯುವುದು ಆರ್ಡಿನೇಟ್ ಡೈಮೆನ್ಶನ್. ಇದರಲ್ಲಿ ಬಾಣದ ಗೆರೆಗಳಿರುವುದಿಲ್ಲ. ತೂತಿನ ಮಧ್ಯದಿಂದ ಒಂದು ಸಣ್ಣ ಗೆರೆ ಹೊರಗೆ ಬಂದಿರುತ್ತದೆ, ಅದರ ತುದಿಯಲ್ಲಿ ಒಂದು ಅಂಕಿ, ಅಷ್ಟೇ. ಅದೇ ಅಂಕಿಗಳನ್ನು ಪಟ್ಟಿ ಮಾಡಿ ಡ್ರಾಯಿಂಗ್‌ನ ಪಕ್ಕದಲ್ಲಿ ಇಟ್ಟರೆ ಅದು ಹೋಲ್ ಟೇಬಲ್. ಭಾರತೀಯ ಮಾನಕ ಬ್ಯೂರೋದ ಎಸ್‌ಪಿ 46 ಕೈಪಿಡಿಯಲ್ಲಿ ಒಂದೇ ಮೂಲದಿಂದ ಸಾಲಾಗಿ ಅಳತೆ ಕೊಡುವ ಕ್ರಮವೂ ಇದೆ, ಕೋಷ್ಟಕದಲ್ಲಿ ಕೊಡುವ ಕ್ರಮವೂ ಇದೆ.

ಒಂದು ಪ್ಲೇಟು ತೆಗೆದುಕೊಳ್ಳೋಣ

300 × 200 ಮಿ.ಮೀ. ಅಳತೆಯ, 16 ಮಿ.ಮೀ. ದಪ್ಪದ ಕಬ್ಬಿಣದ ಪ್ಲೇಟು. ನಾಲ್ಕು ಮೂಲೆಯಲ್ಲಿ ಎಂ10 ಬೋಲ್ಟಿಗೆ 11 ಮಿ.ಮೀ. ತೂತು. ಎಡಭಾಗದಲ್ಲಿ ಬೇರಿಂಗ್ ಕೂರಲು 52 ಮಿ.ಮೀ. ಬೋರ್, ಅದರ ಸುತ್ತ 90 ಮಿ.ಮೀ. ಪಿಚ್ ಸರ್ಕಲ್ ಮೇಲೆ ಆರು ಎಂ8 ಟ್ಯಾಪ್ ತೂತು. ಬಲಭಾಗದಲ್ಲಿ 8 ಮಿ.ಮೀ.ನ ಎರಡು ಡೋವೆಲ್ ತೂತು, ಅವುಗಳ ಸುತ್ತ ನಾಲ್ಕು ಎಂ6 ಸ್ಕ್ರೂ ತೂತು. ಒಟ್ಟು ಹದಿನೇಳು.

ಪ್ರತಿ ತೂತಿಗೂ ಎರಡು ಅಂಕಿ ಬೇಕು, ಅಂದರೆ ಮೂವತ್ತನಾಲ್ಕು. ಆರ್ಡಿನೇಟ್‌ನಲ್ಲಿ ಅಷ್ಟು ಬರೆಯಬೇಕಾಗಿಲ್ಲ. ಒಂದೇ ಕಂಬಸಾಲಿನಲ್ಲಿರುವ ತೂತುಗಳಿಗೆ ಅಡ್ಡ ಅಳತೆಯನ್ನು ಒಮ್ಮೆ ಬರೆದರೆ ಸಾಕು. ಈ ಪ್ಲೇಟಿನಲ್ಲಿ ಅಡ್ಡಕ್ಕೆ ಒಂಬತ್ತು, ಮೇಲಕ್ಕೆ ಏಳು, ಒಟ್ಟು ಹದಿನಾರು ಅಂಕಿಯಲ್ಲಿ ಎಲ್ಲ ತೂತುಗಳ ಜಾಗ ಮುಗಿಯುತ್ತದೆ.

ಸೊನ್ನೆ ಎಲ್ಲಿ?

ಗೆರೆ ಎಳೆಯುವ ಮೊದಲೇ ಇದನ್ನು ತೀರ್ಮಾನಿಸಬೇಕು. ನಾನು ಸಾಮಾನ್ಯವಾಗಿ ಎಡ ಕೆಳಮೂಲೆ ಹಿಡಿಯುತ್ತೇನೆ. ಆಗ ಎಲ್ಲ ಅಂಕಿಯೂ ಧನವಾಗಿರುತ್ತದೆ, ಮೈನಸ್ ಚಿಹ್ನೆ ಬಿಟ್ಟುಹೋಗುವ ಭಯವಿಲ್ಲ. ಆದರೆ ಆ ಮೂಲೆಯ ಎರಡು ಅಂಚು ಮಿಲ್ಲಿಂಗ್ ಆಗಿರಲೇಬೇಕು. ಗ್ಯಾಸ್ ಕಟಿಂಗ್ ಮಾಡಿದ ಒರಟು ಅಂಚಿಗೆ ಎಡ್ಜ್ ಫೈಂಡರ್ ಮುಟ್ಟಿಸಿದರೆ, ಮುಟ್ಟಿಸಿದ ಜಾಗ ಬದಲಾದಂತೆ ಸೊನ್ನೆಯೂ ಬದಲಾಗುತ್ತದೆ. ಹಾಗಾಗಿ ಆ ಎರಡು ಅಂಚನ್ನು ಮೊದಲು ನೇರ ಮಾಡಿಸಬೇಕೆಂದು ಡ್ರಾಯಿಂಗ್‌ನಲ್ಲೇ ಬರೆಯಿರಿ. ಅಂಚು ಒರಟಾಗಿಯೇ ಉಳಿಯುವ ಪ್ಲೇಟಾದರೆ ಬೋರ್‌ನ ಮಧ್ಯವನ್ನೇ ಸೊನ್ನೆ ಮಾಡುವುದು ಮೇಲು.

ಅಟೋಕ್ಯಾಡ್‌ನಲ್ಲಿ

ಪ್ಲೇಟನ್ನು ಪೂರ್ಣ ಅಳತೆಯಲ್ಲಿ, ಆ ಮೂಲೆ 0,0 ಮೇಲೆ ಬರುವಂತೆ ಬಿಡಿಸಿ. ಅರ್ಧ ಅಳತೆಗೆ ಕುಗ್ಗಿಸಿ ಬಿಡಿಸಿದರೆ ಅಂಕಿಗಳೂ ಅರ್ಧವಾಗಿ ಬರುತ್ತವೆ. ಕಾಗದಕ್ಕೆ ಹೊಂದಿಸುವ ಕೆಲಸ ಲೇಔಟ್‌ನದು. ಪ್ಲೇಟು ಈಗಾಗಲೇ ಬೇರೆ ಕಡೆ ಇದ್ದರೆ, ಅದನ್ನು 0,0ಗೆ ಸರಿಸಿ ಶುರು ಮಾಡುವುದು ವಾಸಿ. ಬೇಕಾಗುವ ಕಮಾಂಡ್‌ಗಳು ಇವಿಷ್ಟೇ:

```
UCS
DIMORDINATE
DATAEXTRACTION
```

`DIMORDINATE` ಆಗ ಚಾಲ್ತಿಯಲ್ಲಿರುವ `UCS`ನ ಸೊನ್ನೆಯಿಂದ ಅಳೆಯುತ್ತದೆ. ತೂತಿನ ಮಧ್ಯ ಕ್ಲಿಕ್ ಮಾಡಿ ಗೆರೆಯನ್ನು ಮೇಲಕ್ಕೋ ಕೆಳಕ್ಕೋ ಎಳೆದರೆ ಅಡ್ಡ ಅಳತೆ ಬರುತ್ತದೆ, ಪಕ್ಕಕ್ಕೆ ಎಳೆದರೆ ಎತ್ತರದ ಅಳತೆ. F8 ಒತ್ತಿ ಆರ್ಥೋ ಹಾಕಿಕೊಂಡರೆ ಗೆರೆ ನೆಟ್ಟಗಿರುತ್ತದೆ.

ಇಲ್ಲಿ ಕಣ್ಣಿಗೆ ಬೀಳದ ಒಂದು ತಪ್ಪು ಆಗುತ್ತದೆ. ಅರ್ಧದಷ್ಟು ಅಳತೆಗಳನ್ನು ಹಾಕಿದ ಮೇಲೆ ಬೇರೆ ಕೆಲಸಕ್ಕೆಂದು `UCS` ಸರಿಸಿ, ಹಿಂದಿರುಗಿಸಲು ಮರೆತರೆ, ಉಳಿದ ಅಳತೆಗಳು ಹೊಸ ಸೊನ್ನೆಯಿಂದ ಬರುತ್ತವೆ. ಹಳೆಯವು ಹಳೆಯ ಸೊನ್ನೆಯನ್ನೇ ಹಿಡಿದಿರುತ್ತವೆ. ಒಂದೇ ಕಾಗದದಲ್ಲಿ ಎರಡು ಸೊನ್ನೆ ಇದ್ದರೂ ನೋಡಿದರೆ ತಿಳಿಯುವುದಿಲ್ಲ. ಅದಕ್ಕೇ ಮೊದಲ ಅಳತೆಯನ್ನು ಸೊನ್ನೆಯ ಅಂಚಿಗೆ ಹಾಕಿ, ಕೊನೆಯ ಅಳತೆಯನ್ನು ಎದುರಿನ ಅಂಚಿಗೆ ಹಾಕಿ. ಅಲ್ಲಿ 0 ಬಂದು ಇಲ್ಲಿ 300 ಬಂದರೆ ಶುರುವಿನಲ್ಲಿದ್ದ ಸೊನ್ನೆಯೇ ಕೊನೆಯಲ್ಲೂ ಇದೆ.

ಟೇಬಲ್ ಬರೆಯುವ ಬಗೆ

ಒಂದೇ ಜಾತಿಯ ತೂತುಗಳಿಗೆ ಒಂದು ಅಕ್ಷರ, ಪ್ರತಿ ತೂತಿಗೆ ಒಂದು ಸಂಖ್ಯೆ. ಸಂಖ್ಯೆ ಎಡದಿಂದ ಬಲಕ್ಕೆ, ಒಂದೇ ಕಂಬಸಾಲಿನಲ್ಲಿದ್ದರೆ ಕೆಳಗಿನಿಂದ ಮೇಲಕ್ಕೆ. ಟ್ಯಾಪ್ ತೂತು, ಡೋವೆಲ್ ತೂತು ಮತ್ತು ಬೋರ್‌ನ ಭಾಗ ಹೀಗೆ ಕಾಣುತ್ತದೆ:

```
TAG   X       Y
B1    65      100
B2    87.5    61.03
B3    87.5    138.97
B4    132.5   61.03
B5    132.5   138.97
B6    155     100
C1    210     100
C2    260     100
D1    110     100
```

ತೂತಿನ ವ್ಯಾಸ, ಟ್ಯಾಪ್, ಆಳ ಇವನ್ನು ಪ್ರತಿ ಸಾಲಿನಲ್ಲೂ ಬರೆಯಬೇಡಿ. ಅಕ್ಷರಕ್ಕೊಂದು ಸಾಲಿನಂತೆ ಪಕ್ಕದಲ್ಲಿ ಇನ್ನೊಂದು ಪುಟ್ಟ ಟೇಬಲ್ ಮಾಡಿ: B ಎಂದರೆ ಎಂ8, 6.8ರ ಡ್ರಿಲ್, ಆಚೆ ತನಕ, ಒಟ್ಟು 6. ಟ್ಯಾಪ್ ಬದಲಾದರೆ ಒಂದೇ ಜಾಗದಲ್ಲಿ ತಿದ್ದಿದರೆ ಮುಗಿಯಿತು. ಒಟ್ಟು ಎಷ್ಟು ಎಂಬ ಆ ಸಂಖ್ಯೆಯನ್ನು ಬಿಡಬೇಡಿ. ಟೇಬಲ್‌ನಲ್ಲಿ ಐದೇ ಸಾಲಿದ್ದರೆ ಕೆಲಸ ಶುರುವಾಗುವ ಮೊದಲೇ ಗೊತ್ತಾಗುತ್ತದೆ.

`DATAEXTRACTION` ವೃತ್ತಗಳ ಮಧ್ಯಬಿಂದುಗಳನ್ನು ತಾನೇ ಹೆಕ್ಕಿ ಟೇಬಲ್ ಮಾಡಿಕೊಡುತ್ತದೆ. ಆದರೆ ಅದು ನಿಮ್ಮ `UCS` ನೋಡುವುದಿಲ್ಲ, ವರ್ಲ್ಡ್ ಸೊನ್ನೆಯಿಂದಲೇ ಎಣಿಸುತ್ತದೆ. ಪ್ಲೇಟಿನ ಮೂಲೆ 0,0 ಮೇಲಿರಲಿ ಎಂದದ್ದು ಇದಕ್ಕೇ.

ಟ್ಯಾಪ್ ತೂತುಗಳ 61.03, 138.97 ಬಂದದ್ದು ಪಿಚ್ ಸರ್ಕಲ್‌ನಿಂದ. ತ್ರಿಜ್ಯ 45ಕ್ಕೆ 60 ಡಿಗ್ರಿಯ ಸೈನ್ ಗುಣಿಸಿದರೆ 38.97, ಅದನ್ನು ಬೋರ್‌ನ ಎತ್ತರ 100ರಿಂದ ಕಳೆದು, ಕೂಡಿ ಬರೆದದ್ದು. ಟೇಬಲ್ ಇದ್ದರೂ ಆ 90ರ ವೃತ್ತವನ್ನು ಡ್ರಾಯಿಂಗ್‌ನಲ್ಲಿ ಉಳಿಸಿ. ಇಲ್ಲದಿದ್ದರೆ ಈ ಆರು ತೂತು ಒಂದು ಸುತ್ತಿನಲ್ಲಿವೆ ಎಂಬುದು ಬರೀ ಅಂಕಿ ನೋಡುವವರಿಗೆ ಹೊಳೆಯುವುದಿಲ್ಲ.

ಸೊನ್ನೆಯಿಂದ ಹೇಳಲಾಗದ ಮಾತು

ಆರ್ಡಿನೇಟ್‌ಗೂ ಒಂದು ಮಿತಿ ಇದೆ. ಎಲ್ಲ ಜಾಗಕ್ಕೂ ±0.1 ಕೊಟ್ಟಿದ್ದೇವೆ ಎನ್ನೋಣ. ಡೋವೆಲ್ ತೂತು C1 ಸೊನ್ನೆಯಿಂದ 209.9ರಲ್ಲಿ ಬಿತ್ತು, C2 260.1ರಲ್ಲಿ ಬಿತ್ತು. ಎರಡೂ ಮಿತಿಯೊಳಗೇ ಇವೆ. ಆದರೆ ಅವುಗಳ ನಡುವಿನ ಅಂತರ 50.2 ಆಯಿತು. ಸೊನ್ನೆಯಿಂದ ಅಳೆದಾಗ ತಪ್ಪು ಕೂಡುತ್ತಾ ಹೋಗುವುದಿಲ್ಲ, ನಿಜ. ಆದರೂ ಯಾವುದೇ ಎರಡು ತೂತುಗಳ ನಡುವೆ ಎರಡರ ತಪ್ಪೂ ಸೇರಿ ±0.2 ಆಗಬಹುದು.

ಸಡಿಲವಿರುವ ತೂತಿಗೆ ಇದು ತೊಂದರೆಯಲ್ಲ. ಮೂಲೆಯ ಎಂ10 ಬೋಲ್ಟು 11ರ ತೂತಿನಲ್ಲಿ ತಡೆದುಕೊಳ್ಳುತ್ತದೆ. ಡೋವೆಲ್ ಪಿನ್ ತಡೆಯುವುದಿಲ್ಲ, ಅದು ಬಿಗಿಯಾಗಿ ಕೂರುವ ಪಿನ್. ತೂತಿನ ಮುಂದೆ ಎಚ್7 ಎಂದು ಬರೆದರೂ ಉಪಯೋಗವಿಲ್ಲ. ಎಚ್7 ತೂತಿನ ವ್ಯಾಸಕ್ಕೆ ಸಂಬಂಧಿಸಿದ್ದು, ಅದು ಇರುವ ಜಾಗಕ್ಕಲ್ಲ.

ಆದ್ದರಿಂದ C1ನ್ನು ಸೊನ್ನೆಯಿಂದ ಹೇಳಿ, C2ನ್ನು C1ನಿಂದ ಹೇಳಿ: ಅಡ್ಡಕ್ಕೆ 50 ±0.02, ಎತ್ತರದಲ್ಲೂ C1ನ ನೇರಕ್ಕೆ ±0.02. ಟೇಬಲ್‌ನಲ್ಲಿರುವ C2ನ 260, 100 ಎರಡನ್ನೂ ಆವರಣದೊಳಗೆ ಹಾಕಿ. ಆವರಣದಲ್ಲಿರುವ ಅಳತೆ ತಿಳಿವಳಿಕೆಗೆ ಮಾತ್ರ, ಅದಕ್ಕೆ ಟಾಲರೆನ್ಸ್ ಇಲ್ಲ. ಗೇರ್ ಜೋಡಿಯ ಎರಡು ಬೋರ್ ಇದ್ದರೂ ಇದೇ ಕ್ರಮ. ಜೊತೆಯಾಗಿ ದುಡಿಯುವ ತೂತುಗಳ ಅಂತರವನ್ನು ನೇರವಾಗಿ ಹೇಳಬೇಕು.

ಮಷೀನಿನ ಮುಂದೆ

ಮಿಲ್ಲಿಂಗ್ ಮಷೀನಿನ ಡಿಜಿಟಲ್ ರೀಡೌಟ್‌ನಲ್ಲಿ ಎರಡು ಅಂಕಿ ಓಡುತ್ತಿರುತ್ತವೆ, ಒಂದು ಎಕ್ಸ್, ಒಂದು ವೈ. 10 ಮಿ.ಮೀ. ಎಡ್ಜ್ ಫೈಂಡರ್‌ ಅಂಚಿಗೆ ಮುಟ್ಟಿದಾಗ ಸ್ಪಿಂಡಲ್‌ನ ಮಧ್ಯ ಅಂಚಿನಿಂದ 5 ಮಿ.ಮೀ. ಹೊರಗಿರುತ್ತದೆ. ಆ 5ನ್ನು ಲೆಕ್ಕಕ್ಕೆ ಹಿಡಿದು ಸೊನ್ನೆ ಮಾಡಿದ ಮೇಲೆ, ಟೇಬಲ್‌ನಲ್ಲಿರುವ ಅಂಕಿ ಪರದೆಯ ಮೇಲೆ ಬರುವವರೆಗೆ ಹಿಡಿಕೆ ತಿರುಗಿಸಿದರೆ ಸಾಕು. ಕೂಡುವುದಿಲ್ಲ, ಕಳೆಯುವುದಿಲ್ಲ. ಡೋವೆಲ್‌ಗೆ ಬಂದಾಗ C1 ಮುಗಿಸಿ, ಅಲ್ಲೇ ಸೊನ್ನೆ ಮಾಡಿ 50 ಸರಿದರೆ ಡ್ರಾಯಿಂಗ್ ಕೇಳಿದ್ದೇ ಆಗುತ್ತದೆ.

ಇಲ್ಲಿ ಹೆಚ್ಚಾಗಿ ಕೆಡುವುದು ಪ್ಲೇಟು ಮಗುಚಿದಾಗ. ಎರಡು ಬದಿಯೂ ಒಂದೇ ರೀತಿ ಕಾಣುವ ಪ್ಲೇಟನ್ನು ಮಗುಚಿ ಕಟ್ಟಿದರೆ ಎಡದ ಬೋರ್ ಬಲಕ್ಕೆ ಹೋಗುತ್ತದೆ. ಸೊನ್ನೆಯ ಮೂಲೆಯ ಹತ್ತಿರ, ಮೇಲ್ಮುಖದಲ್ಲಿ ಒಂದು ಪಂಚ್ ಗುರುತು ಹಾಕಬೇಕೆಂದು ಡ್ರಾಯಿಂಗ್‌ನಲ್ಲಿ ತೋರಿಸಿ.

ಡ್ರಾಯಿಂಗ್ ಕಳಿಸುವ ಮುನ್ನ ಒಂದು ಲೆಕ್ಕ ಮಾಡಿ. ಬೋರ್‌ನ ಎರಡು ಬದಿಯಲ್ಲಿ ಎದುರುಬದುರಾಗಿರುವ B2 ಮತ್ತು B5 ತೆಗೆದುಕೊಳ್ಳಿ. ಅಡ್ಡ ವ್ಯತ್ಯಾಸ 45, ಎತ್ತರದ ವ್ಯತ್ಯಾಸ 77.94. ಎರಡರ ವರ್ಗ ಕೂಡಿ ವರ್ಗಮೂಲ ತೆಗೆದರೆ 90ಕ್ಕೆ ಕೂದಲೆಳೆಯಷ್ಟು ಕಡಿಮೆ ಬರುತ್ತದೆ, ಅಂದರೆ ಟೇಬಲ್ ಪಿಚ್ ಸರ್ಕಲ್‌ಗೆ ತಾಳೆಯಾಗಿದೆ. 89 ಬಂದರೆ ಯಾವುದೋ ಅಂಕಿ ತಪ್ಪಿದೆ. ಪ್ಲೇಟು ಮಾಡಿ ತಂದ ಮೇಲೆ ವರ್ನಿಯರ್ ಹಿಡಿದು ಅಳೆಯುವುದೂ ಇದೇ ಜೋಡಿಯನ್ನು.