ಕೊಲೆಸ್ಟೆರಾಲ್ ಗುಳಿಗೆಯಲ್ಲಿ ಅಡಗಿರುವ ಔಷಧಿ

2024ರ ಮಾರ್ಚ್ ತಿಂಗಳಲ್ಲಿ ಜಪಾನಿನ ಕೊಬಯಾಶಿ ಫಾರ್ಮಾಸ್ಯುಟಿಕಲ್ ಕಂಪನಿ ಕೊಲೆಸ್ಟೆರಾಲ್ ಇಳಿಸಲೆಂದು ತಾನು ಮಾರುತ್ತಿದ್ದ ಗುಳಿಗೆಗಳನ್ನು ಅಂಗಡಿಗಳಿಂದ ವಾಪಸ್ ತರಿಸಿಕೊಂಡಿತು. ಅವುಗಳನ್ನು ನುಂಗಿದವರಲ್ಲಿ ಮೂತ್ರಪಿಂಡದ ತೊಂದರೆ ಕಾಣಿಸಿಕೊಂಡಿದೆ ಎಂದು ವೈದ್ಯರು ಜನವರಿಯಲ್ಲೇ ಕಂಪನಿಗೆ ತಿಳಿಸಿದ್ದರು. ಎರಡು ತಿಂಗಳು ತಡವಾಗಿತ್ತು. ನೂರಾರು ಜನ ಆಸ್ಪತ್ರೆ ಸೇರಿದರು, ಸಾವುಗಳೂ ವರದಿಯಾದವು.

ಆ ಗುಳಿಗೆಯಲ್ಲಿದ್ದದ್ದು ‘ಬೆನಿ ಕೋಜಿ’, ಅಂದರೆ ರೆಡ್ ಯೀಸ್ಟ್ ರೈಸ್. ನಮ್ಮ ಕರಾವಳಿಯವರು ಗಂಜಿ ಮಾಡುವ ಕೆಂಪು ಕುಚ್ಚಲಕ್ಕಿಗೂ ಇದಕ್ಕೂ ಸಂಬಂಧವಿಲ್ಲ. ಬೇಯಿಸಿದ ಬಿಳಿ ಅಕ್ಕಿಯ ಮೇಲೆ ಮೊನಾಸ್ಕಸ್ ಎಂಬ ಬೂಷ್ಟನ್ನು ಬೆಳೆಸುತ್ತಾರೆ. ಅದು ಅಕ್ಕಿಯನ್ನು ಗಾಢ ಕೆಂಪಾಗಿಸುತ್ತದೆ. ಚೀನಾ, ಜಪಾನ್‌ಗಳಲ್ಲಿ ಹಿಂದಿನಿಂದಲೂ ಇದನ್ನು ಅಡುಗೆಯ ಬಣ್ಣಕ್ಕೆ, ಮದ್ಯ ಹುದುಗಿಸಲು ಬಳಸುತ್ತಾರೆ.

1979ರಲ್ಲಿ ಜಪಾನಿನ ವಿಜ್ಞಾನಿ ಅಕಿರಾ ಎಂಡೊ ಈ ಬೂಷ್ಟಿನ ಜಾತಿಯೊಂದರಿಂದ ಮೊನಾಕೊಲಿನ್ ಕೆ ಎಂಬ ವಸ್ತುವನ್ನು ಬೇರ್ಪಡಿಸಿದರು. ಯಕೃತ್ತು ಕೊಲೆಸ್ಟೆರಾಲ್ ತಯಾರಿಸುವುದನ್ನು ಅದು ತಡೆಯುತ್ತದೆ. ಇನ್ನೊಂದು ಬೂಷ್ಟಿನಿಂದ ಅದೇ ವಸ್ತುವನ್ನು ಪಡೆದ ಅಮೆರಿಕದ ಮರ್ಕ್ ಕಂಪನಿ 1987ರಲ್ಲಿ ಅದನ್ನು ಲೋವಾಸ್ಟಾಟಿನ್ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಅಂದರೆ ‘ಸ್ಟಾಟಿನ್ ಬೇಡ, ನೈಸರ್ಗಿಕವಾದದ್ದು ಕೊಡಿ’ ಎಂದು ಈ ಗುಳಿಗೆ ಕೊಳ್ಳುವವರು ನುಂಗುತ್ತಿರುವುದು ಸ್ಟಾಟಿನ್ನನ್ನೇ. ಕೆಲವರ ಕೊಲೆಸ್ಟೆರಾಲ್ ನಿಜಕ್ಕೂ ಇಳಿಯುವುದು ಅದರಿಂದಲೇ.

ತೊಂದರೆ ಇರುವುದು ಪ್ರಮಾಣದಲ್ಲಿ. ಮೊನಾಕೊಲಿನ್ ಕೆ ಗಮನಾರ್ಹ ಪ್ರಮಾಣದಲ್ಲಿದ್ದರೆ ಅದು ಔಷಧಿಯೇ, ಪೂರಕ ಆಹಾರವೆಂದು ಮಾರುವಂತಿಲ್ಲ ಎನ್ನುವುದು ಅಮೆರಿಕದ ಔಷಧ ಇಲಾಖೆಯ ನಿಲುವು. ಹಾಗಾಗಿ ತಯಾರಕರು ಡಬ್ಬಿಯ ಮೇಲೆ ಅಕ್ಕಿಯ ತೂಕ ಬರೆಯುತ್ತಾರೆ, ಮೊನಾಕೊಲಿನ್‌ನ ಮಾತೆತ್ತುವುದಿಲ್ಲ. ಜನರನ್ನು ಕಾಯಬೇಕಾದ ನಿಯಮವೇ ಅವರಿಗೆ ತಿಳಿಯಬೇಕಾದ ಅಂಕಿಯನ್ನು ಮರೆಮಾಡಿರುವುದು ನನಗೆ ಎಲ್ಲಕ್ಕಿಂತ ಕಳವಳದ ಸಂಗತಿ. 2017ರಲ್ಲಿ ಅಲ್ಲಿನ 28 ಬ್ರ್ಯಾಂಡ್‌ಗಳನ್ನು ಪರೀಕ್ಷಿಸಿದಾಗ ಎರಡರಲ್ಲಿ ಮೊನಾಕೊಲಿನ್ ಕೆ ಇರಲೇ ಇಲ್ಲ. ಉಳಿದವುಗಳಲ್ಲಿ ಕಡಿಮೆಯದಕ್ಕೂ ಹೆಚ್ಚಿನದಕ್ಕೂ ಅರವತ್ತು ಪಟ್ಟು ಅಂತರವಿತ್ತು. ಬ್ರ್ಯಾಂಡ್ ಬದಲಿಸಿದವರಿಗೆ ತಮ್ಮ ಡೋಸ್ ಬದಲಾದದ್ದು ಗೊತ್ತೇ ಆಗುವುದಿಲ್ಲ.

ಇದರಿಂದ ಆಗಬಹುದಾದದ್ದನ್ನು ಹೀಗೆ ಊಹಿಸಿಕೊಳ್ಳಿ. ದಿನವೂ ಇಂಥ ಗುಳಿಗೆ ನುಂಗುವವರೊಬ್ಬರಿಗೆ ಎದೆಯಲ್ಲಿ ಸೋಂಕಾಗುತ್ತದೆ. ‘ಬೇರೇನಾದರೂ ಮಾತ್ರೆ ತಗೊಳ್ತೀರಾ?’ ಎಂದು ವೈದ್ಯರು ಕೇಳುತ್ತಾರೆ. ‘ಇಲ್ಲ ಡಾಕ್ಟ್ರೇ’ ಎನ್ನುತ್ತಾರೆ ಇವರು, ಗುಳಿಗೆ ಮಾತ್ರೆಯಲ್ಲ ಎಂಬ ನಂಬಿಕೆಯಿಂದ. ವೈದ್ಯರು ಕ್ಲಾರಿಥ್ರೋಮೈಸಿನ್ ಎಂಬ ಆ್ಯಂಟಿಬಯಾಟಿಕ್ ಬರೆದುಕೊಡುತ್ತಾರೆ. ಲೋವಾಸ್ಟಾಟಿನ್ನನ್ನು ಒಡೆದು ಹೊರಹಾಕುವ ಕಿಣ್ವವನ್ನೇ ಇದು ತಡೆಯುವುದರಿಂದ ರಕ್ತದಲ್ಲಿ ಅದರ ಮಟ್ಟ ಏರುತ್ತದೆ. ತೊಡೆ, ಭುಜಗಳಲ್ಲಿ ನೋವು, ಮೆಟ್ಟಿಲು ಹತ್ತಲಾಗದ ನಿಶ್ಶಕ್ತಿ ಶುರುವಾಗುತ್ತದೆ. ಸ್ನಾಯುಗಳು ಕರಗಿ ಅದರ ಅಂಶ ಮೂತ್ರಪಿಂಡಕ್ಕೆ ಇಳಿದರೆ ಮೂತ್ರ ಕಡುಕಂದಾಗುತ್ತದೆ. ಈ ಸ್ಥಿತಿಯಲ್ಲಿ ಗುಳಿಗೆ ನಿಲ್ಲಿಸಿ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ರಕ್ತದ ಸಿಪಿಕೆ ಮತ್ತು ಕ್ರಿಯಾಟಿನಿನ್ ಪರೀಕ್ಷೆಯಲ್ಲಿ ಹಾನಿ ಗೊತ್ತಾಗುತ್ತದೆ.

ಜಪಾನಿನಲ್ಲಿ ನಡೆದದ್ದು ಮಾತ್ರ ಸ್ಟಾಟಿನ್‌ನ ಕೆಲಸವಲ್ಲ. ಕಾರ್ಖಾನೆಗೆ ಇನ್ನೊಂದು ಬೂಷ್ಟು, ಪೆನಿಸಿಲಿಯಂ ಜಾತಿಯದು, ಹೊಕ್ಕು ಪ್ಯುಬರುಲಿಕ್ ಆಮ್ಲ ಎಂಬ ವಿಷವನ್ನು ಬೆರೆಸಿತ್ತು. ಮೂತ್ರಪಿಂಡದ ಸಣ್ಣ ನಾಳಗಳಿಗೆ ಅದರಿಂದ ಪೆಟ್ಟಾಗಿ, ದೇಹಕ್ಕೆ ಬೇಕಾದ ಪೊಟ್ಯಾಶಿಯಂ, ಫಾಸ್ಫೇಟ್‌ಗಳು ಮೂತ್ರದಲ್ಲಿ ಸೋರಿಹೋಗತೊಡಗಿದವು. ರೋಗಿಗಳು ಹೇಳಿಕೊಂಡದ್ದು ಹಸಿವಿಲ್ಲ, ಸುಸ್ತು, ಮೂತ್ರದಲ್ಲಿ ನೊರೆ ಎಂದು. ಕಲಬೆರಕೆ ಇಲ್ಲದಿದ್ದರೂ ಮೊನಾಸ್ಕಸ್‌ನ ಕೆಲವು ತಳಿಗಳು ತಾವೇ ಸಿಟ್ರಿನಿನ್ ಎಂಬ ಮೂತ್ರಪಿಂಡದ ವಿಷವನ್ನು ಉತ್ಪಾದಿಸುತ್ತವೆ. 2010ರಲ್ಲಿ ಅಮೆರಿಕದಲ್ಲಿ ಪರೀಕ್ಷಿಸಿದ 12 ಉತ್ಪನ್ನಗಳಲ್ಲಿ ನಾಲ್ಕರಲ್ಲಿ ಅದು ಹೆಚ್ಚಾಗಿತ್ತು. ಐರೋಪ್ಯ ಒಕ್ಕೂಟ 2022ರಲ್ಲಿ ದಿನದ ಮೊನಾಕೊಲಿನ್ 3 ಮಿಲಿಗ್ರಾಂಗಿಂತ ಕಡಿಮೆ ಇರಬೇಕೆಂದು ಮಿತಿ ಹಾಕಿತು. ಗರ್ಭಿಣಿಯರು, ಹಾಲುಣಿಸುವವರು, 70 ದಾಟಿದವರು ಸೇವಿಸಬಾರದೆಂದು ಡಬ್ಬಿಯ ಮೇಲೆ ಬರೆಯುವುದನ್ನೂ ಕಡ್ಡಾಯ ಮಾಡಿತು.

ಬೆಳ್ಳುಳ್ಳಿ ಗುಳಿಗೆಯಲ್ಲಿ ಇಂಥ ವಿಷವಿಲ್ಲ, ಹೆಚ್ಚಿನ ಫಲವೂ ಇಲ್ಲ. 2007ರಲ್ಲಿ ಪ್ರಕಟವಾದ ಸ್ಟಾನ್‌ಫರ್ಡ್ ಅಧ್ಯಯನದಲ್ಲಿ ಆರು ತಿಂಗಳು ಹಸಿ ಬೆಳ್ಳುಳ್ಳಿ ತಿಂದವರಲ್ಲೂ ಗುಳಿಗೆ ನುಂಗಿದವರಲ್ಲೂ ಕೆಟ್ಟ ಕೊಲೆಸ್ಟೆರಾಲ್ ಇಳಿಯಲಿಲ್ಲ. 2022ರ ಇನ್ನೊಂದು ಅಧ್ಯಯನದಲ್ಲಿ ಬೆಳ್ಳುಳ್ಳಿ, ಅರಿಶಿನ, ದಾಲ್ಚಿನ್ನಿ, ಮೀನೆಣ್ಣೆ, ರೆಡ್ ಯೀಸ್ಟ್ ರೈಸ್ ಇತ್ಯಾದಿಗಳನ್ನು ಸಣ್ಣ ಡೋಸಿನ ರೋಸುವಾಸ್ಟಾಟಿನ್ ಜೊತೆ 28 ದಿನ ಹೋಲಿಸಿದರು. ಮಾತ್ರೆ ತೆಗೆದುಕೊಂಡವರಲ್ಲಿ ಕೆಟ್ಟ ಕೊಲೆಸ್ಟೆರಾಲ್ ಮೂರನೇ ಒಂದು ಭಾಗಕ್ಕೂ ಹೆಚ್ಚು ಇಳಿಯಿತು. ಪೂರಕಗಳಲ್ಲಿ ಒಂದೂ ಔಷಧಿಯಿಲ್ಲದ ಖಾಲಿ ಗುಳಿಗೆಗಿಂತ ಗಮನಾರ್ಹವಾಗಿ ಮೇಲಾಗಲಿಲ್ಲ. ಸಾರಿಗೆ ಹಾಕುವ ಒಗ್ಗರಣೆ ಬೆಳ್ಳುಳ್ಳಿಯ ಬಗ್ಗೆ ಚಿಂತೆ ಬೇಡ. ಆದರೆ ಗಟ್ಟಿಸಾರದ ಗುಳಿಗೆ ರಕ್ತ ಹೆಪ್ಪುಗಟ್ಟುವುದನ್ನು ಕುಗ್ಗಿಸಬಹುದು. ವಾರ್ಫರಿನ್, ಆಸ್ಪಿರಿನ್ ತೆಗೆದುಕೊಳ್ಳುವವರು, ಹಲ್ಲು ಕೀಳಿಸುವವರು, ಆಪರೇಷನ್‌ಗೆ ದಿನ ಗೊತ್ತಾದವರು ಆ ಡಬ್ಬಿಯನ್ನು ಮೊದಲೇ ವೈದ್ಯರ ಮುಂದಿಡಬೇಕು.