ಕೆಲಸ ಬದಲಿಸುವಾಗ ಪಿಎಫ್ ಹಣ: ತೆಗೆಯುವುದಾ, ಜೊತೆಗೆ ಕೊಂಡೊಯ್ಯುವುದಾ?

ಕೆಲಸ ಬಿಟ್ಟ ಕೂಡಲೇ ನಮ್ಮ ಹುಡುಗರು ಕೇಳುವ ಮೊದಲ ಪ್ರಶ್ನೆ, "ಪಿಎಫ್ ತೆಗಿಲಿಕ್ಕೆ ಎಷ್ಟು ದಿನ ಬೇಕು?" ಎಂಬುದು. ತೆಗೆಯಬೇಕಾ ಎಂದು ಕೇಳುವವರು ಕಡಿಮೆ. ತಂಗಿಯ ಮದುವೆ, ಮನೆಯ ಸ್ಲ್ಯಾಬ್, ಗಲ್ಫ್ ವೀಸಾದ ಖರ್ಚು ಹೀಗೆ ಕಾರಣಗಳು ಇದ್ದೇ ಇರುತ್ತವೆ. ಆದರೆ ಆ ಖಾತೆಯಲ್ಲಿ ಎಷ್ಟು ಹಣ ಉಂಟು, ಅದು ಹೇಗೆ ಸೇರಿತು, ತೆಗೆದರೆ ಏನು ಕಳಕೊಳ್ಳುತ್ತೇವೆ ಎಂಬ ಲೆಕ್ಕ ಹಾಕಿದ ಮೇಲೆ ತೀರ್ಮಾನ ಮಾಡುವುದು ಬೇರೆ, ಹಾಕದೆ ಮಾಡುವುದು ಬೇರೆ. ಈ ವಾರ ಆ ಲೆಕ್ಕವನ್ನೇ ನೋಡೋಣ.

ಮಂಗಳೂರಿನ ಒಂದು ದೊಡ್ಡ ಬಟ್ಟೆ ಮಳಿಗೆಯಲ್ಲಿ ಕೆಲಸ ಮಾಡುವ ಯುವಕ ಎಂದಿಟ್ಟುಕೊಳ್ಳಿ. ಅವನ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ ತಿಂಗಳಿಗೆ 15,000 ರೂಪಾಯಿ. ಅದರ ಶೇ. 12, ಅಂದರೆ 1,800 ರೂಪಾಯಿ ಅವನ ಸಂಬಳದಿಂದ ಕಡಿತ ಆಗ್ತದೆ. ಮಾಲಕರೂ ಅಷ್ಟೇ, 1,800 ರೂಪಾಯಿ ಹಾಕಬೇಕು. ಇಲ್ಲಿಗೇ ಹೆಚ್ಚಿನವರು "ಹಾಗಾದರೆ ತಿಂಗಳಿಗೆ 3,600 ಸೇರ್ತದೆ" ಎಂದು ಲೆಕ್ಕ ಮುಗಿಸುತ್ತಾರೆ. ಹಾಗಲ್ಲ. ಮಾಲಕರ ಪಾಲಿನಲ್ಲಿ ಶೇ. 8.33, ಅಂದರೆ 1,250 ರೂಪಾಯಿ ಪೆನ್ಷನ್ ಯೋಜನೆಗೆ ಹೋಗ್ತದೆ. ಪಿಎಫ್ ಖಾತೆಗೆ ಅವರಿಂದ ಬರುವುದು ಉಳಿದ 550 ಮಾತ್ರ. ಆದ್ದರಿಂದ ತಿಂಗಳಿಗೆ ಪಿಎಫ್‌ಗೆ ಸೇರುವುದು 2,350 ರೂಪಾಯಿ.

ಸಂಬಳ 15,000ಕ್ಕಿಂತ ಜಾಸ್ತಿ ಇದ್ದರೂ ಪೆನ್ಷನ್‌ಗೆ ಹೋಗುವುದು ಸಾಮಾನ್ಯವಾಗಿ ಈ 1,250 ರೂಪಾಯಿಯೇ. 2014ರ ಸೆಪ್ಟೆಂಬರ್ 1ರ ನಂತರ ಮೊದಲ ಬಾರಿಗೆ ಪಿಎಫ್‌ಗೆ ಸೇರಿದವರ ಸಂಬಳ ಆಗಲೇ 15,000 ಮೀರಿದ್ದರೆ ಅವರಿಗೆ ಪೆನ್ಷನ್ ಭಾಗವೇ ಇಲ್ಲ. ಮಾಲಕರ ಪೂರ್ತಿ ಪಾಲು ಪಿಎಫ್‌ಗೇ ಬರ್ತದೆ. ಪಾಸ್‌ಬುಕ್‌ನಲ್ಲಿ ಪೆನ್ಷನ್ ಕಾಲಂ ಸೊನ್ನೆ ತೋರಿಸಿದರೆ ಗಾಬರಿ ಆಗುವ ಮೊದಲು ಇದನ್ನು ನೋಡಿಕೊಳ್ಳಿ.

ಈಗ ಬಡ್ಡಿಯ ಕಥೆ. 2023-24ಕ್ಕೂ 2024-25ಕ್ಕೂ ಶೇ. 8.25 ದರ ಇತ್ತು. ದರವನ್ನು ಪ್ರತಿ ವರ್ಷ ಹೊಸದಾಗಿ ಘೋಷಿಸುತ್ತಾರೆ. ಲೆಕ್ಕ ಮಾತ್ರ ತಿಂಗಳು ತಿಂಗಳಿನದ್ದು: ಈ ತಿಂಗಳು ಬಿದ್ದ ಹಣಕ್ಕೆ ಮುಂದಿನ ತಿಂಗಳಿಂದ ಬಡ್ಡಿ ಶುರುವಾಗ್ತದೆ, ಆದರೆ ಖಾತೆಗೆ ಸೇರಿಸುವುದು ವರ್ಷದ ಕೊನೆಗೆ, ಒಟ್ಟಿಗೆ. ನಮ್ಮ ಯುವಕ ಪ್ರತಿ ವರ್ಷ ಹನ್ನೆರಡು ಕಂತು ಕಟ್ಟಿದ್ದಾನೆ, ದರ 8.25ರಲ್ಲೇ ಉಂಟು ಎಂದುಕೊಂಡರೆ ಮೊದಲ ವರ್ಷ ಬಡ್ಡಿ 1,066 ರೂಪಾಯಿ. ಎರಡನೇ ವರ್ಷ 3,481, ಮೂರನೇ ವರ್ಷ 6,094. ಮೂರು ವರ್ಷ ಮುಗಿದಾಗ ಖಾತೆಯಲ್ಲಿ 95,241 ರೂಪಾಯಿ ಇರ್ತದೆ. ಅದರಲ್ಲಿ ಅವನದ್ದು 64,800, ಮಾಲಕರದ್ದು 19,800, ಬಡ್ಡಿ 10,641. ಪೆನ್ಷನ್‌ಗೆ ಹೋದ 45,000 ಇದರ ಹೊರಗೆ. ಅದಕ್ಕೆ ಬಡ್ಡಿ ಸೇರುವುದಿಲ್ಲ. ಅದು ಉಳಿತಾಯ ಅಲ್ಲ, ಮುಂದೆ ತಿಂಗಳ ಪೆನ್ಷನ್ ಪಡೆಯುವ ಹಕ್ಕು.

ಬಡ್ಡಿ ಎಂದ ಮೇಲೆ ನಮ್ಮ ಮನೆಗಳಲ್ಲಿ ಇನ್ನೊಂದು ಪ್ರಶ್ನೆ ಬಂದೇ ಬರ್ತದೆ. ಕಡ್ಡಾಯವಾಗಿ ಕಡಿತ ಆಗುವ ಪಿಎಫ್‌ನ ಮೇಲೆ ಬರುವುದಕ್ಕೂ, ನಾವಾಗಿಯೇ ಶೇ. 12ಕ್ಕಿಂತ ಹೆಚ್ಚು ಕಟ್ಟುವ ಸ್ವಯಂಪ್ರೇರಿತ ಪಿಎಫ್‌ನ ಮೇಲೆ ಬರುವುದಕ್ಕೂ ಉಲಮಾಗಳಲ್ಲಿ ಹಲವರು ವ್ಯತ್ಯಾಸ ಮಾಡುತ್ತಾರೆ, ಭಿನ್ನ ಅಭಿಪ್ರಾಯಗಳೂ ಇವೆ. ಅದನ್ನು ತೀರ್ಮಾನಿಸುವುದು ಈ ಪುಟದ ಕೆಲಸ ಅಲ್ಲ. ನಿಮ್ಮ ಖತೀಬರಲ್ಲಿ ಕೇಳುವಾಗ ಪಾಸ್‌ಬುಕ್ ಹಿಡಕೊಂಡು ಹೋಗಿ. ಅದರಲ್ಲಿ ನಿಮ್ಮ ಪಾಲು, ಮಾಲಕರ ಪಾಲು ಬೇರೆ ಬೇರೆ ಇರ್ತದೆ, ಬಡ್ಡಿ `Int. Updated upto` ಎಂಬ ಸಾಲಿನಲ್ಲಿ ಪ್ರತ್ಯೇಕವಾಗಿ ಸಿಗ್ತದೆ. ಅಂದಾಜಿನಲ್ಲಿ ಕೇಳಬೇಕಾದ ಅಗತ್ಯವೇ ಇಲ್ಲ.

ನಮ್ಮ ಯುವಕನಿಗೆ ಈಗ ಬೆಂಗಳೂರಿನಲ್ಲಿ ಬೇರೆ ಕೆಲಸ ಸಿಕ್ಕಿತು. ಹಣವನ್ನು ಪೂರ್ತಿ ತೆಗೆದ ಎನ್ನಿ. ಐದು ವರ್ಷದ ಸೇವೆ ತುಂಬಿಲ್ಲ, ಮೊತ್ತ 50,000 ದಾಟಿದೆ, ಆದ್ದರಿಂದ ಪಾನ್ ಕೊಟ್ಟಿದ್ದರೆ ಶೇ. 10 ಟಿಡಿಎಸ್, ಅಂದರೆ ಸುಮಾರು 9,500 ರೂಪಾಯಿ ಮೊದಲೇ ಕಡಿತ. ಪಾನ್ ಕೊಡದಿದ್ದರೆ ಅದು ದುಪ್ಪಟ್ಟು. ಆದಾಯ ತೆರಿಗೆ ಮಿತಿಯೊಳಗೆ ಇರುವವರು ಸ್ವಯಂ ಘೋಷಣೆ ಕೊಟ್ಟು ಈ ಕಡಿತ ತಪ್ಪಿಸಬಹುದು, ಆದರೆ ಅದನ್ನು ಹೇಳಿಕೊಡುವವರು ಇಲ್ಲ. ಅಸಲಿಗೆ, ಹೊಸ ಕೆಲಸಕ್ಕೆ ಸೇರಿ ಅಲ್ಲಿ ಪಿಎಫ್ ಕಟ್ಟುತ್ತಿರುವವನು ಹಳೆಯದನ್ನು "ಕೆಲಸ ಇಲ್ಲ" ಎಂದು ತೆಗೆಯುವ ಹಾಗೂ ಇಲ್ಲ. ಅವನು ಮಾಡಬೇಕಾದ್ದು ವರ್ಗಾವಣೆ.

ವರ್ಗಾಯಿಸಿದರೆ ಹಳೆಯ ಮೂರು ವರ್ಷವೂ ಹೊಸದಕ್ಕೆ ಸೇರಿ ಲೆಕ್ಕ ಆಗ್ತದೆ. ಇನ್ನೆರಡು ವರ್ಷ ಕಳೆದರೆ ಐದು ವರ್ಷ ತುಂಬಿತು, ತೆರಿಗೆಯ ಪ್ರಶ್ನೆ ಮುಗಿಯಿತು. ಪೆನ್ಷನ್ ವಿಷಯ ಇದಕ್ಕಿಂತ ದೊಡ್ಡದು. ಪೆನ್ಷನ್ ಸಿಗಬೇಕಾದರೆ ಒಟ್ಟು 10 ವರ್ಷದ ಸೇವೆ ಬೇಕು. ಅವನು ಹಳೆ ಸೇವೆಯನ್ನು ಉಳಿಸಿಕೊಂಡರೆ ಇನ್ನು ಏಳು ವರ್ಷ ಸಾಕು. ಹತ್ತು ವರ್ಷಕ್ಕೆ, 15,000 ಸಂಬಳದ ಲೆಕ್ಕದಲ್ಲಿ, 58 ತುಂಬಿದಾಗ ತಿಂಗಳಿಗೆ ಸುಮಾರು 2,143 ರೂಪಾಯಿ. ದೊಡ್ಡ ಮೊತ್ತ ಅಲ್ಲ, ಒಪ್ಪುತ್ತೇವೆ. ಆದರೆ ಅವನು ತೀರಿಕೊಂಡರೆ ಪತ್ನಿಗೂ ಅದರಲ್ಲಿ ಪಾಲು ಮುಂದುವರಿಯುತ್ತದೆ. ಮೂರು ವರ್ಷದ ಪೆನ್ಷನ್ ಹಣವನ್ನು ಫಾರ್ಮ್ 10ಸಿ ಹಾಕಿ ನಗದು ತೆಗೆದುಕೊಂಡರೆ ಆ ಸೇವೆ ಅಳಿಸಿ ಹೋಗ್ತದೆ, ಎಣಿಕೆ ಮತ್ತೆ ಸೊನ್ನೆಯಿಂದ.

ವರ್ಗಾವಣೆಗೆ ಮೊದಲ ಹೆಜ್ಜೆ ಹೊಸ ಕಂಪೆನಿಗೆ ಸೇರುವ ದಿನವೇ. ಅಲ್ಲಿ ಕೊಡುವ ಫಾರ್ಮ್ 11ರಲ್ಲಿ ನಿಮ್ಮ 12 ಅಂಕೆಯ ಯುಎಎನ್ ಬರೆಯಿರಿ. "ಗೊತ್ತಿಲ್ಲ" ಎಂದು ಬಿಟ್ಟರೆ ಹೊಸ ಯುಎಎನ್ ಹುಟ್ಟುವ ಸಾಧ್ಯತೆ ಉಂಟು. ಆಮೇಲೆ ಎರಡನ್ನು ಒಂದು ಮಾಡುವ ತಲೆನೋವು ಬೇರೆ. ಒಂದೆರಡು ತಿಂಗಳ ನಂತರ `unifiedportal-mem.epfindia.gov.in` ತೆರೆದು `View` ಅಡಿಯಲ್ಲಿ `Service History` ನೋಡಿ. ಹಳೆಯ ಕಂಪೆನಿಯ ಎದುರು ಕೆಲಸ ಬಿಟ್ಟ ದಿನಾಂಕ ಇರಬೇಕು. ಇಲ್ಲದಿದ್ದರೆ ವರ್ಗಾವಣೆ ಅಲ್ಲೇ ನಿಲ್ಲುತ್ತದೆ. ಹಳೆ ಮಾಲಕರು ಹಾಕದಿದ್ದರೆ, ಅವರ ಕೊನೆಯ ಕಂತು ಬಿದ್ದು ಎರಡು ತಿಂಗಳಾದ ಮೇಲೆ `Manage` ಅಡಿಯ `Mark Exit` ಮೂಲಕ ಆಧಾರ್ ಒಟಿಪಿ ಬಳಸಿ ನೀವೇ ಹಾಕಬಹುದು. ದಿನಾಂಕ ಹಾಕುವಾಗ ಹೊಸ ಕೆಲಸಕ್ಕೆ ಸೇರಿದ ದಿನದ ಮೇಲೆ ಹತ್ತದ ಹಾಗೆ ನೋಡಿಕೊಳ್ಳಿ. ಒಂದೇ ದಿನ ಎರಡು ಕಡೆ ಕೆಲಸ ಎಂದು ಕಂಡರೆ ಅರ್ಜಿ ವಾಪಸ್ ಬರ್ತದೆ. ಒಮ್ಮೆ ಹಾಕಿದ್ದನ್ನು ತಿದ್ದುವುದು ಸುಲಭ ಅಲ್ಲ.

ಅದಾದ ಮೇಲೆ `Online Services` ಅಡಿಯಲ್ಲಿ `One Member – One EPF Account (Transfer Request)` ಒತ್ತಿ ಅರ್ಜಿ ಹಾಕಿ. ಆಧಾರ್, ಯುಎಎನ್ ಎಲ್ಲ ಸರಿ ಇದ್ದರೆ ಅನೇಕರ ಹಣ ಅರ್ಜಿಯೇ ಇಲ್ಲದೆ ತಾನಾಗಿ ವರ್ಗ ಆಗ್ತದೆ. ಆದ್ದರಿಂದ ಮೊದಲು ಪಾಸ್‌ಬುಕ್ ನೋಡಿ. ಹಣ ಬಂದಾಗ ನಿಮ್ಮ ಪಾಲು, ಮಾಲಕರ ಪಾಲು ಎರಡೂ ಹೊಸ ಖಾತೆಯಲ್ಲಿ ಕಾಣ್ತದೆ, ಪೆನ್ಷನ್ ಮಾತ್ರ ಸೊನ್ನೆ. "45,000 ಎಲ್ಲಿ ಹೋಯ್ತು?" ಎಂದು ಅನೇಕರು ಹೆದರುತ್ತಾರೆ. ಹೋಗಿಲ್ಲ. ಪೆನ್ಷನ್‌ನಲ್ಲಿ ವರ್ಗ ಆಗುವುದು ಹಣ ಅಲ್ಲ, ಸೇವೆಯ ದಾಖಲೆ. ಆ ದಾಖಲೆ ಅನೆಕ್ಸರ್ ಕೆ ಎಂಬ ಪತ್ರದಲ್ಲಿ ಇರ್ತದೆ. ಅದನ್ನು ಇಳಿಸಿಕೊಂಡು ಹಳೆಯ ಪಾಸ್‌ಬುಕ್‌ನ ಪ್ರತಿಯ ಜೊತೆ ಇಟ್ಟುಕೊಳ್ಳಿ.

ನಮ್ಮವರ ಅರ್ಜಿಗಳು ಸಿಕ್ಕಿಬೀಳುವ ಜಾಗ ಹೆಚ್ಚಾಗಿ ಹೆಸರು. ಆಧಾರ್‌ನಲ್ಲಿ ಮುಹಮ್ಮದ್, ಪಿಎಫ್‌ನಲ್ಲಿ ಮೊಹಮ್ಮದ್, ಬ್ಯಾಂಕಿನಲ್ಲಿ ಬರೀ ಎಂಡಿ. ಒಂದರಲ್ಲಿ ಖಾದರ್, ಇನ್ನೊಂದರಲ್ಲಿ ಕಾದರ್. ಮನೆ ಹೆಸರಿನ ಇನಿಶಿಯಲ್ ಒಮ್ಮೆ ಮುಂದೆ, ಒಮ್ಮೆ ಹಿಂದೆ. ಮಹಿಳೆಯರ ವಿಷಯದಲ್ಲಿ ಮದುವೆಯ ಮೊದಲಿನ ಹೆಸರು, ನಂತರದ್ದು ಎಂಬ ಗೊಂದಲ. ಇಂಗ್ಲಿಷ್ ಅಕ್ಷರ ಒಂದು ಆಚೀಚೆ ಆದರೂ ಯಂತ್ರಕ್ಕೆ ಅದು ಬೇರೆ ಮನುಷ್ಯ. ಆಧಾರ್‌ನಲ್ಲಿ ಇರುವುದೇ ಕೊನೆಯ ಮಾತು, ಆದ್ದರಿಂದ ಮೊದಲು ಆಧಾರ್ ಸರಿ ಮಾಡಿ. ಆಮೇಲೆ ಪೋರ್ಟಲ್‌ನಲ್ಲಿ `Joint Declaration` ಮೂಲಕ ಪಿಎಫ್ ದಾಖಲೆಯನ್ನು ಅದಕ್ಕೆ ಸರಿಹೊಂದಿಸಿ. ಇದನ್ನು ಹಳೆ ಕಂಪೆನಿ ತೆರೆದಿರುವಾಗಲೇ ಮಾಡಿ. ಬಾಗಿಲು ಹಾಕಿದ ಅಂಗಡಿಯ ಮಾಲಕರ ಸಹಿಗಾಗಿ ಅಲೆಯುವ ಕಷ್ಟ ಯಾರಿಗೂ ಬೇಡ.

ಗಲ್ಫಿಗೆ ಹೋಗುವವರ ವಿಷಯ ಬೇರೆ, ಅಲ್ಲಿ ವರ್ಗಾಯಿಸಲಿಕ್ಕೆ ಖಾತೆಯೇ ಇಲ್ಲ. ಆದರೂ ಕಂತು ನಿಂತ ಮಾತ್ರಕ್ಕೆ ಬಡ್ಡಿ ನಿಲ್ಲುವುದಿಲ್ಲ. ಮೂರು ವರ್ಷ ಕಳೆದರೆ ಬಡ್ಡಿ ನಿಲ್ಲುತ್ತದೆ ಎಂಬುದು ಹಳೆಯ ಕಾಲದ ಮಾತು, ಈಗಲೂ ಊರಲ್ಲಿ ಓಡಾಡುತ್ತಿದೆ. 2016ರಲ್ಲಿ ಆ ನಿಯಮ ಬದಲಾಗಿದೆ. ನಮ್ಮ ಯುವಕನ 95,241 ರೂಪಾಯಿ ಮುಟ್ಟದೆ ಬಿಟ್ಟರೆ, ದರ ಹೀಗೇ ಇದ್ದರೆ, 20 ವರ್ಷದಲ್ಲಿ ಸುಮಾರು 4.65 ಲಕ್ಷ ಆಗ್ತದೆ. ಕೆಲಸ ಬಿಟ್ಟ ನಂತರ ಸೇರುವ ಬಡ್ಡಿಗೆ ಮಾತ್ರ ತೆರಿಗೆ ವಿನಾಯಿತಿ ಇಲ್ಲ. ಪೆನ್ಷನ್ ಭಾಗಕ್ಕೆ ಫಾರ್ಮ್ 10ಸಿಯಲ್ಲೇ ನಗದಿನ ಬದಲು "ಸ್ಕೀಮ್ ಸರ್ಟಿಫಿಕೇಟ್" ಕೇಳಬಹುದು. ಮುಂದೆ ಊರಿಗೆ ಬಂದು ಇಲ್ಲಿ ಕೆಲಸಕ್ಕೆ ಸೇರಿದರೆ ಹಳೆಯ ವರ್ಷಗಳು ಅದರಲ್ಲಿ ಜೋಪಾನವಾಗಿ ಇರ್ತವೆ. ಇನ್ನೊಂದು: ಆಧಾರ್‌ಗೆ ಜೋಡಿಸಿದ ಊರಿನ ಸಿಮ್ ರಿಚಾರ್ಜ್ ಮಾಡದೆ ಸತ್ತರೆ ಒಟಿಪಿ ಬರುವುದಿಲ್ಲ, ಆ ನಂಬರ್ ಬೇರೆಯವರ ಕೈಗೂ ಹೋಗಬಹುದು. ಅದನ್ನು ಜೀವಂತ ಇಡಲಿಕ್ಕೆ ಮನೆಯವರಲ್ಲಿ ಹೇಳಿ ಹೋಗಿ. ಮದುವೆಗೆ ಮೊದಲು ಉಮ್ಮನ ಹೆಸರಲ್ಲಿ ಮಾಡಿದ ನಾಮಿನೇಷನ್ ಮದುವೆ ಆದಾಗ ರದ್ದಾಗುತ್ತದೆ. ಅದನ್ನೂ ಹೊರಡುವ ಮೊದಲೇ ಹೊಸದಾಗಿ ಹಾಕಿ.

ಸಂಬಳದಿಂದ ಕಡಿತ ಆಗಿದೆ, ಆದರೆ ಖಾತೆಗೆ ಬಿದ್ದಿಲ್ಲ ಎಂಬ ದೂರೂ ಇದ್ದೇ ಉಂಟು. ಒಂದು ತಿಂಗಳ ಹಣವನ್ನು ಮಾಲಕರು ಮರು ತಿಂಗಳ 15ರೊಳಗೆ ಕಟ್ಟಬೇಕು. ಯುಎಎನ್‌ಗೆ ಜೋಡಿಸಿದ ಮೊಬೈಲಿನಿಂದ 9966044425ಕ್ಕೆ ಮಿಸ್ಡ್ ಕಾಲ್ ಕೊಟ್ಟರೆ ಕೊನೆಯ ಕಂತು ಮತ್ತು ಬಾಕಿ ಮೊತ್ತದ ಸಂದೇಶ ಬರ್ತದೆ. ಎರಡು ಮೂರು ತಿಂಗಳ ಕಂತು ಕಾಣದಿದ್ದರೆ ಸಂಬಳ ಚೀಟಿಯ ಪ್ರತಿ ಇಟ್ಟುಕೊಂಡು `epfigms.gov.in`ನಲ್ಲಿ ದೂರು ಕೊಡಿ. ಆನ್‌ಲೈನ್ ಕಷ್ಟ ಎನ್ನುವವರಿಗೆ ಪ್ರತಿ ತಿಂಗಳು 27ರಂದು ಜಿಲ್ಲೆ ಜಿಲ್ಲೆಗಳಲ್ಲಿ "ನಿಧಿ ಆಪ್ಕೆ ನಿಕಟ್" ಎಂಬ ಶಿಬಿರ ನಡೆಯುತ್ತದೆ. ಮಂಗಳೂರಿನ ಪಿಎಫ್ ಕಚೇರಿಯಲ್ಲಿ ಕೇಳಿದರೆ ಆ ತಿಂಗಳ ಸ್ಥಳ ಹೇಳುತ್ತಾರೆ. ಹೋಗುವಾಗ ಆಧಾರ್, ಪಾನ್, ಬ್ಯಾಂಕ್ ಪಾಸ್‌ಬುಕ್ ಮತ್ತು ಒಟಿಪಿ ಬರುವ ಮೊಬೈಲ್ ಜೊತೆಯಲ್ಲಿರಲಿ.