ಗದ್ದದ ಹತ್ತಿರ ನಿಂತುಬಿಡುವ ಕ್ರೀಮು

ಮುಖಕ್ಕೆ ಹಚ್ಚುವ ಕ್ರೀಮು ಸಾಮಾನ್ಯವಾಗಿ ದವಡೆಯ ಅಂಚಿಗೆ ಬಂದು ನಿಂತುಬಿಡುತ್ತದೆ. ಬಿಸಿಲು ಮಾತ್ರ ಅಲ್ಲಿ ನಿಲ್ಲುವುದಿಲ್ಲ. ವರ್ಷಗಟ್ಟಲೆ ಹೀಗೇ ನಡೆದರೆ ಮುಖಕ್ಕೆ ನಲವತ್ತು, ಕತ್ತಿಗೆ ಐವತ್ತೈದು ಅನ್ನುವಂತಾಗುತ್ತದೆ. ಅಂಗಡಿಯಲ್ಲಿ ಕೇಳಿದರೆ ‘ನೆಕ್ ಕ್ರೀಮ್’ ಎಂಬ ದುಬಾರಿ ಡಬ್ಬಿ ಕೈಗೆ ಬರುತ್ತದೆ. ಅದನ್ನು ಕೊಳ್ಳುವ ಮೊದಲು ಕನ್ನಡಿಯ ಮುಂದೆ ಎರಡು ನಿಮಿಷ ನಿಲ್ಲಬೇಕು. ಕತ್ತಿನ ಮೇಲೆ ಕಾಣುವುದೆಲ್ಲ ಒಂದೇ ಬಗೆಯ ಸುಕ್ಕಲ್ಲ, ಎಲ್ಲಕ್ಕೂ ಒಂದೇ ಮದ್ದೂ ಇಲ್ಲ.

ಮೊದಲನೆಯದು, ಸರ ಹಾಕಿದಂತೆ ಅಡ್ಡಕ್ಕೆ ಸುತ್ತುವ ಗೆರೆಗಳು. ಇವು ವಯಸ್ಸಿನ ಗುರುತೇ ಆಗಬೇಕಿಲ್ಲ. ತಲೆ ಬಗ್ಗಿಸಿ ಎತ್ತುವಾಗ ಚರ್ಮ ಮಡಚುವ ಜಾಗಗಳಿವು, ಎಳೆಗೂಸಿನ ಕೊರಳಲ್ಲೂ ಇರುತ್ತವೆ. ನಮ್ಮ ಶಿಲ್ಪಿಗಳು ದೇವರ ಕೊರಳಿಗೆ ಮೂರು ಗೆರೆ ಕೊರೆದು ಅದನ್ನು ಸೌಂದರ್ಯದ ಲಕ್ಷಣವೆಂದೇ ಎಣಿಸಿದರು. ಇಪ್ಪತ್ತರ ಹರೆಯದಲ್ಲೇ ಇದ್ದ ಗೆರೆ ಕ್ರೀಮಿನಿಂದ ಅಳಿಸಿಹೋಗುವುದಿಲ್ಲ. ತೀರಾ ಆಳವಾಗಿದ್ದರೆ ಚರ್ಮವೈದ್ಯರು ಹೈಲುರಾನಿಕ್ ಆಮ್ಲದ ತೆಳು ಫಿಲ್ಲರ್ ಚುಚ್ಚುವುದುಂಟು. ಕತ್ತಿನ ಚರ್ಮ ತೆಳುವಾದ್ದರಿಂದ ಹೆಚ್ಚು ಮೇಲೆ ಚುಚ್ಚಿದರೆ ಗಂಟುಗಂಟಾಗಿ ಎದ್ದು ಕಾಣುತ್ತದೆ.

ಎರಡನೆಯದು, ಗದ್ದದಿಂದ ಎದೆಯ ಕಡೆಗೆ ಇಳಿಯುವ ಲಂಬ ಪಟ್ಟಿಗಳು. ಹಲ್ಲು ಕಚ್ಚಿ ಕೆಳತುಟಿಯನ್ನು ಬಿಗಿಯಾಗಿ ಕೆಳಕ್ಕೆಳೆದರೆ ಹಗ್ಗದಂತೆ ಎದ್ದು ನಿಲ್ಲುತ್ತವೆ. ಇವು ಪ್ಲಟಿಸ್ಮಾ ಎಂಬ ಹಾಳೆಯಂಥ ಸ್ನಾಯುವಿನ ಅಂಚುಗಳು, ಚರ್ಮಕ್ಕೆ ಹಚ್ಚುವ ಯಾವುದೂ ಅಲ್ಲಿಯವರೆಗೆ ಮುಟ್ಟುವುದಿಲ್ಲ. ಇದಕ್ಕೆ ಬೊಟಾಕ್ಸ್ ಇದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2024ರ ಅಕ್ಟೋಬರ್‌ನಲ್ಲಿ ಈ ಪಟ್ಟಿಗಳಿಗೆಂದೇ ಅದನ್ನು ಒಪ್ಪಿತು. ಪರಿಣಾಮ ಕೆಲವು ತಿಂಗಳು ಮಾತ್ರ. ಪ್ರಮಾಣ ಮೀರಿದರೆ ಅಥವಾ ಆಳಕ್ಕೆ ಇಳಿದರೆ ನುಂಗುವುದೇ ಕಷ್ಟವಾಗಬಹುದು. ಆದ್ದರಿಂದ ಪಾರ್ಲರಿನಲ್ಲಿ ಮಾಡಿಸಿಕೊಳ್ಳುವ ಕೆಲಸ ಇದಲ್ಲ.

ಮೂರನೆಯದೇ ಈ ಬರಹದ ವಿಷಯ: ಕ್ರೇಪ್ ಕಾಗದದಂತೆ ಸಣ್ಣಸಣ್ಣ ನೆರಿಗೆ ಬಿದ್ದ, ಒಣಗಿ ತೆಳುವಾದ ಚರ್ಮ. ತಲೆಯನ್ನು ಒಂದು ಬದಿಗೆ ತಿರುಗಿಸಿದರೆ ಚೆನ್ನಾಗಿ ಕಾಣುತ್ತದೆ. ಈಗ ಗದ್ದ ಮೇಲೆತ್ತಿ, ಅದರ ನೆರಳು ಬೀಳುವ ಜಾಗವನ್ನು ನೋಡಿ. ಎಷ್ಟೋ ಜನರಲ್ಲಿ ಆ ಒಂದು ತುಂಡು ನುಣುಪಾಗಿ, ಒಂದೇ ಬಣ್ಣದಲ್ಲಿರುತ್ತದೆ. ಎರಡೂ ಬದಿ ಮತ್ತು ಎದೆಯ ಮೇಲಿನ ‘ವಿ’ ಆಕಾರದ ಭಾಗ ಮಾತ್ರ ಕಂದು ಮಚ್ಚೆ, ನೆರಿಗೆಗಳಿಂದ ತುಂಬಿರುತ್ತದೆ. ವಯಸ್ಸು ಎರಡಕ್ಕೂ ಒಂದೇ. ವ್ಯತ್ಯಾಸ ಮಾಡಿದ್ದು ಬಿಸಿಲು. ಅದರ ನೇರಳಾತೀತ ಕಿರಣಗಳು ಚರ್ಮದ ಒಳಗಿನ ಕೊಲಾಜೆನ್ ಮತ್ತು ಎಲಾಸ್ಟಿನ್ ಎಳೆಗಳನ್ನು ಕೆಡಿಸುತ್ತವೆ. ಕತ್ತಿನಲ್ಲಿ ಎಣ್ಣೆ ಗ್ರಂಥಿಗಳೂ ಮುಖಕ್ಕಿಂತ ಕಡಿಮೆ, ಹಾಗಾಗಿ ಬೇಗ ಒಣಗುತ್ತದೆ, ಗಾಯವಾದರೆ ನಿಧಾನವಾಗಿ ಮಾಯುತ್ತದೆ. ಈ ಕೊನೆಯ ಮಾತನ್ನು ನೆನಪಿಡಿ, ಮುಂದೆ ಆಗುವ ಎಡವಟ್ಟುಗಳಿಗೆಲ್ಲ ಇದೇ ಕಾರಣ.

ಹಾಗಾದರೆ ಆ ನೆಕ್ ಕ್ರೀಮ್? ಬಹುಪಾಲು ಡಬ್ಬಿಗಳಲ್ಲಿ ಇರುವುದು ಒಳ್ಳೆಯ ಮಾಯಿಶ್ಚರೈಸರ್. ಗ್ಲಿಸರಿನ್ ಇರುವ ಯಾವುದೇ ಕ್ರೀಮು ಹಚ್ಚಿದ ಗಂಟೆಯೊಳಗೆ ಸಣ್ಣ ನೆರಿಗೆಗಳು ತುಂಬಿಕೊಂಡಂತೆ ಕಾಣುತ್ತವೆ, ಮಾರನೆಯ ದಿನ ಮತ್ತೆ ಹಚ್ಚಬೇಕು. ಮುಖಕ್ಕೆ ಬಳಸುವುದನ್ನೇ ಕೆಳಕ್ಕೆ ಎಳೆದರೆ ಸಾಕು, ಬೇರೆ ಡಬ್ಬಿಗೆ ದುಡ್ಡು ಸುರಿಯುವುದು ನನ್ನ ಮಟ್ಟಿಗೆ ದಂಡ.

ಚರ್ಮದ ಒಳಗೆ ನಿಜವಾಗಿ ಬದಲಾವಣೆ ತರುವ ಲೇಪಗಳಲ್ಲಿ ಹೆಚ್ಚು ಅಧ್ಯಯನವಾಗಿರುವುದು ವಿಟಮಿನ್ ‘ಎ’ಯ ಬಳಗದ ಟ್ರೆಟಿನಾಯಿನ್. ಮೊಡವೆಗೆ ಕೊಡುತ್ತಿದ್ದ ಈ ಮದ್ದು ಬಿಸಿಲಿಗೆ ಬೆಂದ ಚರ್ಮದ ಸುಕ್ಕನ್ನೂ ತಗ್ಗಿಸುತ್ತದೆಂದು ಅಮೆರಿಕದ ಆಲ್ಬರ್ಟ್ ಕ್ಲಿಗ್ಮನ್ ಮತ್ತು ಸಂಗಡಿಗರು 1986ರಲ್ಲಿ ಪ್ರಕಟಿಸಿದರು. ಕತ್ತಿಗೂ ಅದೇ ನಡೆಯುತ್ತದೆ, ಆದರೆ ಮುಖದ ಅಳತೆಯಲ್ಲಲ್ಲ.

ಉದಾಹರಣೆಗೆ ದಿನಾ ಸ್ಕೂಟರಿನಲ್ಲಿ ಕೆಲಸಕ್ಕೆ ಹೋಗುವ, ನಲವತ್ತೆಂಟರ ಒಬ್ಬ ಬ್ಯಾಂಕ್ ಉದ್ಯೋಗಿಯನ್ನು ತೆಗೆದುಕೊಳ್ಳೋಣ. ಮುಖ ಹೆಲ್ಮೆಟ್ಟಿನೊಳಗೆ, ಕತ್ತು ಬಿಸಿಲಿನಲ್ಲಿ. ವೈದ್ಯರು ಮುಖಕ್ಕೆ ಬರೆದುಕೊಟ್ಟ 0.05 ಶೇಕಡಾ ಟ್ರೆಟಿನಾಯಿನನ್ನೇ ಆಕೆ ದಿನಾ ರಾತ್ರಿ ಕತ್ತಿಗೂ ಹಚ್ಚಿದರೆ, ಒಂದೇ ವಾರದಲ್ಲಿ ಕೆಂಪಾಗಿ ಉರಿಯುತ್ತದೆ, ಸ್ನಾನದ ನೀರು ತಗುಲಿದರೂ ಚುರುಗುಟ್ಟುತ್ತದೆ. ನಮ್ಮ ಗೋಧಿ ಮೈಬಣ್ಣದಲ್ಲಿ ಆ ಉರಿಯೂತ ಇಳಿದ ಮೇಲೂ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ನೆರಿಗೆಗಿಂತ ಅದೇ ದೊಡ್ಡ ತಲೆನೋವು.

ಆಕೆ ವೈದ್ಯರನ್ನು ಕೇಳಿ 0.025 ಶೇಕಡಾದಿಂದ ಶುರುಮಾಡಬೇಕು. ವಾರಕ್ಕೆ ಎರಡೇ ರಾತ್ರಿ. ಕತ್ತು ತೊಳೆದು, ಪೂರ್ತಿ ಒಣಗಿದ ಮೇಲೆ ಮೊದಲು ಮಾಯಿಶ್ಚರೈಸರ್, ಅದರ ಮೇಲೆ ಇಡೀ ಕತ್ತಿಗೆ ಸೇರಿ ಒಂದು ಬಟಾಣಿ ಕಾಳಿನಷ್ಟು ಮದ್ದು, ಮೇಲೆ ಮತ್ತೆ ಮಾಯಿಶ್ಚರೈಸರ್. ಒಂದು ತಿಂಗಳು ತೊಂದರೆ ಇಲ್ಲದಿದ್ದರೆ ದಿನ ಬಿಟ್ಟು ದಿನ. ಸ್ವಲ್ಪ ಒಣಗಿ ಹೊಟ್ಟು ಏಳುವುದು ಸಹಜ. ಉರಿ, ಕೆಂಪು ಅಥವಾ ಚರ್ಮ ಎಳೆದು ಹೊಳೆಯುವುದು ಕಂಡರೆ ಒಂದು ವಾರ ನಿಲ್ಲಿಸಿ, ಆಮೇಲೆ ವಾರಕ್ಕೆ ಒಂದು ರಾತ್ರಿಯಿಂದ ಮತ್ತೆ. ಫಲ ಕಣ್ಣಿಗೆ ಕಾಣಲು ಮೂರರಿಂದ ಆರು ತಿಂಗಳು ಬೇಕು. ಅದೂ ಚರ್ಮ ನುಣುಪಾಗಿ, ಸಣ್ಣ ನೆರಿಗೆ ಮಸುಕಾಗುವ ಮಟ್ಟಿಗೆ. ಜೋತುಬಿದ್ದ ಚರ್ಮ ಮೇಲೇಳುವುದಿಲ್ಲ, ಅದಕ್ಕೆ ಶಸ್ತ್ರಚಿಕಿತ್ಸೆಯೇ ಗತಿ. ಬಸುರಿಯರು, ಮಗುವಿಗೆ ಯೋಜಿಸಿರುವವರು ಇದನ್ನು ಮುಟ್ಟಲೇಬಾರದು.

ಬೆಳಿಗ್ಗೆ ಸನ್‌ಸ್ಕ್ರೀನ್ ಇಲ್ಲದೆ ಈ ರಾತ್ರಿಯ ಶ್ರಮವೆಲ್ಲ ನೀರಿನಲ್ಲಿ ಹೋಮ. ಎಸ್‌ಪಿಎಫ್ 30 ಅಥವಾ ಹೆಚ್ಚಿನದನ್ನು ತೋರುಬೆರಳು, ನಡುಬೆರಳಿನ ಉದ್ದಕ್ಕೆ ಎರಡು ಗೆರೆ ಹಿಂಡಿದರೆ ಮುಖ, ಕತ್ತು ಎರಡಕ್ಕೂ ಆಗುತ್ತದೆ. ಕಿವಿಯ ಹಿಂದೆ, ಬದಿಗಳಿಗೆ ಬೀಳುವಂತೆ ಹಚ್ಚಿ. ಸ್ಕೂಟರಿನವರಿಗೆ ಹತ್ತಿಯ ದುಪಟ್ಟಾ ಇನ್ನೂ ಒಳ್ಳೆಯದು, ಬೆವರಿಗೆ ಅದು ತೊಳೆದುಹೋಗುವುದಿಲ್ಲ. ಸೆಂಟು, ಅತ್ತರನ್ನು ಕತ್ತಿಗೆ ಹಚ್ಚಿ ಬಿಸಿಲಿಗೆ ಹೋಗಬೇಡಿ. ಕೆಲವು ಸುಗಂಧ ತೈಲಗಳು ಬಿಸಿಲಿನೊಡನೆ ಸೇರಿ ಸೋರಿದ ದಾರಿಯಲ್ಲೇ ಕಪ್ಪು ಗೆರೆ ಮೂಡಿಸುತ್ತವೆ.

ಕತ್ತಿನ ಹಿಂಭಾಗ, ಬದಿ ಮಖಮಲ್ಲಿನಂತೆ ದಪ್ಪವಾಗಿ ಕಪ್ಪಾಗಿದ್ದರೆ ಅದು ಬೇರೆಯೇ ಕಥೆ. ಕಡಲೆಹಿಟ್ಟು, ನಿಂಬೆಹಣ್ಣು ಹಾಕಿ ತಿಕ್ಕುವುದನ್ನು ಬಿಟ್ಟು ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಿ, ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿರುವ ಸೂಚನೆ ಅದಾಗಿರುತ್ತದೆ ಎಷ್ಟೋ ಸಲ.

ಇನ್ನೊಂದು ಎಚ್ಚರಿಕೆ. ‘ಬೆಳ್ಳಗಾಗಲು’ ಎಂದು ಔಷಧ ಅಂಗಡಿಯಲ್ಲಿ ಚೀಟಿ ಇಲ್ಲದೆ ಸಿಗುವ ಟ್ಯೂಬುಗಳಲ್ಲಿ ಟ್ರೆಟಿನಾಯಿನ್ ಜೊತೆಗೆ ಹೈಡ್ರೋಕ್ವಿನೋನ್ ಮತ್ತು ಒಂದು ಸ್ಟೀರಾಯ್ಡ್ ಬೆರೆತಿರುವುದುಂಟು. ಮೊದಲ ವಾರಗಳಲ್ಲಿ ಕತ್ತು ತಿಳಿಯಾಗಿ, ಎಲ್ಲರೂ ಮೆಚ್ಚುತ್ತಾರೆ. ತಿಂಗಳುಗಟ್ಟಲೆ ಹಚ್ಚಿದರೆ ಅದೇ ಸ್ಟೀರಾಯ್ಡ್ ಚರ್ಮವನ್ನು ತೆಳುವಾಗಿಸಿ, ರಕ್ತನಾಳಗಳನ್ನು ಎತ್ತಿ ತೋರಿಸಿ, ಯಾವ ನೆರಿಗೆಗೆ ಹೆದರಿ ಹಚ್ಚಿದ್ದೆವೋ ಅದನ್ನೇ ಹೆಚ್ಚಿಸುತ್ತದೆ. ಮನೆಯಲ್ಲಿರುವ ಟ್ಯೂಬನ್ನು ಇವತ್ತೇ ತಿರುಗಿಸಿ ಓದಿ. ಮೊಮೆಟಾಸೋನ್, ಕ್ಲೋಬೆಟಾಸಾಲ್, ಬೀಟಾಮೆಥಾಸೋನ್ ಎಂಬ ಹೆಸರುಗಳಲ್ಲಿ ಯಾವುದಿದ್ದರೂ ವೈದ್ಯರು ಹೇಳದೆ ಕತ್ತಿಗೆ ಹಚ್ಚಬೇಡಿ. ಈಗಾಗಲೇ ಬಹುಕಾಲದಿಂದ ಹಚ್ಚುತ್ತಿದ್ದರೆ ಒಮ್ಮೆಲೇ ನಿಲ್ಲಿಸದೆ ಚರ್ಮವೈದ್ಯರ ಹತ್ತಿರ ಆ ಟ್ಯೂಬನ್ನೇ ತೆಗೆದುಕೊಂಡು ಹೋಗಿ.